ಗಂಟೆಗೆ 330 ರೂಪಾಯಿ: ವರ್ಷಕ್ಕೆ ಮೊದಲೇ ಕಟ್ಟುವ ಲೆಕ್ಕ

ಬೆಂಗಳೂರಿನ ಪೀಣ್ಯದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಅವುಗಳಲ್ಲಿ ಬಹಳಷ್ಟು ಜಾಬ್ ವರ್ಕ್ ಮಾಡುವಂಥವು. ದೊಡ್ಡ ಕಂಪನಿಯವರು ಒಂದು ಬಿಡಿಭಾಗದ ಡ್ರಾಯಿಂಗ್ ಕಳಿಸುತ್ತಾರೆ, ಪೀಸಿಗೆ ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಕೊಟೇಶನ್ ಅಂದೇ ಹೋಗಬೇಕು, ತಪ್ಪಿದರೆ ಮರುದಿನ ಬೆಳಿಗ್ಗೆ. ಉಕ್ಕಿನ ಬೆಲೆ ಗೊತ್ತಿರುತ್ತದೆ. ಮಷೀನ್ ಮೇಲೆ ನಿಲ್ಲುವ ಆಪರೇಟರ್‌ನ ಕೂಲಿಯೂ ಗೊತ್ತಿರುತ್ತದೆ. ಆದರೆ ಶೆಡ್ಡಿನ ಬಾಡಿಗೆ, ಮಷೀನಿನ ಸವಕಳಿ, ಸೂಪರ್‌ವೈಸರ್ ಸಂಬಳ, ಕರೆಂಟು, ಕೂಲೆಂಟ್, ಆಯುಧಪೂಜೆಯ ಬೋನಸ್, ಇವುಗಳಲ್ಲಿ ಆ ಒಂದು ಪೀಸಿನ ಪಾಲು ಎಷ್ಟು?

ಯಾವ ಒಂದು ಪೀಸಿನ ಮೇಲೂ ನೇರವಾಗಿ ಬರೆಯಲಾಗದ ಈ ಖರ್ಚುಗಳೇ ಓವರ್‌ಹೆಡ್. ಇವನ್ನು ಕೆಲಸಗಳಿಗೆ ಹಂಚಲು ವರ್ಷ ಶುರುವಾಗುವ ಮೊದಲೇ ಒಂದು ದರ ಕಟ್ಟಿಕೊಳ್ಳುವುದು ವೆಚ್ಚಲೆಕ್ಕದಲ್ಲಿ ಬೇರೂರಿದ ಪದ್ಧತಿ. ಕೇಳಿದವರಿಗೆ ಸಹಜವಾಗಿ ಅನುಮಾನ ಬರುತ್ತದೆ: ಅಂದಾಜಿನ ದರ ಯಾಕೆ? ತಿಂಗಳು ಮುಗಿದ ಮೇಲೆ ನಿಜವಾದ ಖರ್ಚೇ ಕೈಯಲ್ಲಿರುತ್ತದಲ್ಲ, ಅದನ್ನೇ ಹಂಚಿದರೆ ಹೆಚ್ಚು ಪ್ರಾಮಾಣಿಕವಲ್ಲವೇ? ಈ ಅನುಮಾನಕ್ಕೆ ಸರಿಯಾದ ಉತ್ತರ ಸಿಗಬೇಕಾದರೆ ಅಂಕಿ ಹಾಕಿಯೇ ನೋಡಬೇಕು.

ಉದಾಹರಣೆಗೆ ಆರು ಸಿಎನ್‌ಸಿ ಮಷೀನುಗಳಿರುವ ಒಂದು ಶೆಡ್ ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಮಾರ್ಚ್ ತಿಂಗಳಲ್ಲಿ ಮಾಲೀಕರೂ ಲೆಕ್ಕ ಬರೆಯುವವರೂ ಕೂತು ಮುಂದಿನ ವರ್ಷದ ಓವರ್‌ಹೆಡ್ ಅಂದಾಜು ಮಾಡುತ್ತಾರೆ. ಬಾಡಿಗೆ ತಿಂಗಳಿಗೆ 1 ಲಕ್ಷ, ವರ್ಷಕ್ಕೆ 12 ಲಕ್ಷ. ಆರು ಮಷೀನುಗಳಿಗೆ ಒಟ್ಟು 1 ಕೋಟಿ 80 ಲಕ್ಷ ಕೊಟ್ಟಿದ್ದಾರೆ, 10 ವರ್ಷ ಬಾಳುತ್ತವೆ ಎಂದು ಹಿಡಿದರೆ ಸವಕಳಿ 18 ಲಕ್ಷ. ಸೂಪರ್‌ವೈಸರ್, ತಪಾಸಣೆ ಮಾಡುವವರು, ಹೆಲ್ಪರುಗಳ ಸಂಬಳ 14 ಲಕ್ಷ 40 ಸಾವಿರ. ಕಾನೂನು ಹೇಳುವ ಕನಿಷ್ಠ ಬೋನಸ್ ಶೇ 8.33. ಅದನ್ನು ಈ ಸಂಬಳದ ಮೇಲೆ ಲೆಕ್ಕ ಹಾಕಿದರೆ 1 ಲಕ್ಷ 20 ಸಾವಿರ. ಕರೆಂಟ್ ಬಿಲ್ಲಿನಲ್ಲಿ ಮಷೀನ್ ಓಡಲಿ ಬಿಡಲಿ ಕಟ್ಟಲೇಬೇಕಾದ ನಿಗದಿತ ಶುಲ್ಕ 2 ಲಕ್ಷ 40 ಸಾವಿರ. ರಿಪೇರಿ ಮತ್ತು ವಿಮೆ 4 ಲಕ್ಷ. ಇಲ್ಲಿಗೆ 52 ಲಕ್ಷ. ಮಷೀನ್ ಒಂದು ಗಂಟೆ ಓಡಿದರೂ ಹತ್ತು ಗಂಟೆ ಓಡಿದರೂ ಈ ಮೊತ್ತ ಹೆಚ್ಚುಕಡಿಮೆ ಕದಲುವುದಿಲ್ಲ.

ಇದರ ಮೇಲೆ ಮಷೀನ್ ಓಡಿದಷ್ಟೂ ಏರುವ ಖರ್ಚು ಬೇರೆ ಇದೆ. ಬಳಸಿದ ಯೂನಿಟ್ಟುಗಳ ಕರೆಂಟ್ ಗಂಟೆಗೆ 45 ರೂಪಾಯಿ. ಕೂಲೆಂಟ್, ಲ್ಯೂಬ್ ಆಯಿಲ್, ಸಣ್ಣಪುಟ್ಟ ಟೂಲುಗಳು 25 ರೂಪಾಯಿ. ಒಟ್ಟು ಗಂಟೆಗೆ 70.

ಹಂಚಬೇಕಾದ ಹಣ ಗೊತ್ತಾಯಿತು. ಯಾವ ಅಳತೆಯ ಮೇಲೆ ಹಂಚಬೇಕು? ಹಿಂದೆ ಕೂಲಿಯ ಮೇಲೆ ಶೇಕಡಾ ಇಷ್ಟು ಎಂದು ಹಾಕುತ್ತಿದ್ದರು. ಕೆಲಸವೆಲ್ಲ ಕೈಯಲ್ಲೇ ನಡೆಯುತ್ತಿದ್ದಾಗ ಅದು ಸರಿಹೋಗುತ್ತಿತ್ತು. ಸಿಎನ್‌ಸಿ ಶೆಡ್ಡಿನಲ್ಲಿ ಒಬ್ಬ ಆಪರೇಟರ್ ಎರಡು ಮಷೀನ್ ನೋಡಿಕೊಳ್ಳುವುದುಂಟು. ಕೂಲಿ ಕಡಿಮೆ ತಗಲಿದ ಕೆಲಸವೇ ದುಬಾರಿ ಮಷೀನನ್ನು ಹೆಚ್ಚು ಹೊತ್ತು ಹಿಡಿದಿರಬಹುದು. ಬಾಡಿಗೆ, ಸವಕಳಿ, ಕರೆಂಟು ಎಲ್ಲವೂ ಮಷೀನಿನ ಸುತ್ತ ಸುತ್ತುವ ಖರ್ಚುಗಳಾದ್ದರಿಂದ ಇಲ್ಲಿ ಮಷೀನ್ ಗಂಟೆಯೇ ತಕ್ಕ ಅಳತೆ. ಪೀಣ್ಯದವರು ಮಷೀನ್ ಅವರ್ ರೇಟ್ ಎನ್ನುವುದರ ಹಿಂದಿನ ವಿಚಾರ ಇದೇ. ಓಡಿದ ಗಂಟೆ ಕಂಟ್ರೋಲರಿನ ಪರದೆಯಲ್ಲೇ ಕಾಣುವುದರಿಂದ ಅಳೆಯುವುದೂ ಕಷ್ಟವಲ್ಲ.

ಇಷ್ಟಾದ ಮೇಲೆ ಬರುವುದು ಇಡೀ ಲೆಕ್ಕದ ಅತಿ ಸೂಕ್ಷ್ಮ ಜಾಗ: ವರ್ಷಕ್ಕೆ ಎಷ್ಟು ಗಂಟೆ? ಆರು ಮಷೀನು, ಎಂಟೆಂಟು ಗಂಟೆಯ ಎರಡು ಶಿಫ್ಟು, 300 ದಿನ ಎಂದು ಗುಣಿಸಿದರೆ 28,800 ಗಂಟೆ. ಅಷ್ಟು ಓಡಿಸಿದ ಶೆಡ್ ಎಲ್ಲೂ ಇಲ್ಲ. ಒಂದು ಜಾಬ್ ಇಳಿಸಿ ಇನ್ನೊಂದನ್ನು ಸೆಟ್ ಮಾಡುವುದಕ್ಕೆ ಸಮಯ ಹೋಗುತ್ತದೆ, ಕರೆಂಟ್ ಹೋಗುತ್ತದೆ, ಆಪರೇಟರ್ ಊರಿಗೆ ಹೋಗುತ್ತಾನೆ, ಆರ್ಡರೇ ಇಲ್ಲದ ದಿನಗಳಿರುತ್ತವೆ. ನಮ್ಮ ಶೆಡ್ಡಿನ ಹಿಂದಿನ ಕೆಲವು ವರ್ಷಗಳ ಸರಾಸರಿ 20,000 ಗಂಟೆ ಎಂದಿಟ್ಟುಕೊಳ್ಳೋಣ. ಇದನ್ನು ಸಾಮಾನ್ಯ ಸಾಮರ್ಥ್ಯ ಎನ್ನುತ್ತಾರೆ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ 2, ಅಂದರೆ ದಾಸ್ತಾನಿನ ಬೆಲೆ ಕಟ್ಟುವ ನಿಯಮ, ಸ್ಥಿರ ಓವರ್‌ಹೆಡ್ಡನ್ನು ಈ ಸಾಮಾನ್ಯ ಸಾಮರ್ಥ್ಯದ ಆಧಾರದ ಮೇಲೆಯೇ ಹಂಚಬೇಕೆನ್ನುತ್ತದೆ.

20,000 ಗಂಟೆಗೆ ಏರಿಳಿಯುವ ಖರ್ಚು 14 ಲಕ್ಷ. ಸ್ಥಿರ ಖರ್ಚು 52 ಲಕ್ಷ ಸೇರಿ 66 ಲಕ್ಷ. ಅದನ್ನು 20,000ದಿಂದ ಭಾಗಿಸಿದರೆ ಗಂಟೆಗೆ 330 ರೂಪಾಯಿ. ಇದರಲ್ಲಿ 260 ಸ್ಥಿರ ಖರ್ಚಿನದು, 70 ಓಡಿದ್ದಕ್ಕೆ ತಗಲಿದ್ದು. ಈ ಎರಡು ಅಂಕಿಗಳನ್ನು ಬೇರೆಯಾಗಿಯೇ ಬರೆದಿಟ್ಟುಕೊಳ್ಳಬೇಕು, ವರ್ಷದ ಕೊನೆಗೆ ಬೇಕಾಗುತ್ತವೆ.

ಇನ್ನು ಒಂದು ಪೀಸು ತೆಗೆದುಕೊಳ್ಳೋಣ. ಪಂಪಿನ ಶಾಫ್ಟ್, ಮಷೀನ್ ಮೇಲೆ 24 ನಿಮಿಷ, ಅಂದರೆ 0.4 ಗಂಟೆ. ಉಕ್ಕು 180 ರೂಪಾಯಿ. ಆಪರೇಟರ್ ಕೂಲಿ ಗಂಟೆಗೆ 100ರಂತೆ 40. ಓವರ್‌ಹೆಡ್ 0.4 ಗಂಟೆಗೆ 132. ಒಟ್ಟು 352. ಶೇ 15 ಲಾಭ ಸೇರಿಸಿದರೆ ಸುಮಾರು 405 ರೂಪಾಯಿಗೆ ಕೊಟೇಶನ್ ಹೋಗುತ್ತದೆ.

ಅದೇ ಶಾಫ್ಟಿನ ಲೆಕ್ಕವನ್ನು ತಿಂಗಳ ನಿಜ ಖರ್ಚಿನಿಂದ ಮಾಡಿ ನೋಡೋಣ. ಆಗಸ್ಟ್‌ನಲ್ಲಿ ಆರ್ಡರ್ ತುಂಬಿತ್ತು, ಮಷೀನುಗಳು 2,050 ಗಂಟೆ ಓಡಿದವು. ಆ ತಿಂಗಳ ಸ್ಥಿರ ಖರ್ಚು 4 ಲಕ್ಷ 10 ಸಾವಿರ, ಗಂಟೆಗೆ 200. ಅದಕ್ಕೆ 70 ಕೂಡಿಸಿದರೆ 270. ಅಕ್ಟೋಬರ್‌ನಲ್ಲಿ ದಸರಾ, ದೀಪಾವಳಿ ಎರಡೂ ಬಂದವು. ಹುಡುಗರು ಊರಿಗೆ ಹೋದರು, ಪಾರ್ಟಿಗಳ ಕಾರ್ಖಾನೆಗಳೂ ಮುಚ್ಚಿದ್ದವು. ಓಡಿದ್ದು 1,150 ಗಂಟೆ ಮಾತ್ರ. ಬೋನಸ್ ಕೊಟ್ಟಿದ್ದು ಅದೇ ತಿಂಗಳು. ಮಷೀನುಗಳು ಖಾಲಿ ಇವೆಯೆಂದು ವರ್ಷದ ದೊಡ್ಡ ರಿಪೇರಿಯನ್ನೂ ಆಗಲೇ ಮಾಡಿಸಿದರು, ಅದಕ್ಕೆ 1 ಲಕ್ಷ 60 ಸಾವಿರ. ಸ್ಥಿರ ಖರ್ಚು 6 ಲಕ್ಷ 90 ಸಾವಿರಕ್ಕೆ ಏರಿತು. ಗಂಟೆಗೆ 600, ಮೇಲೆ 70, ಒಟ್ಟು 670.

ಹೀಗಾಗಿ ಆಗಸ್ಟ್‌ನಲ್ಲಿ ತಯಾರಾದ ಶಾಫ್ಟಿಗೆ 328 ರೂಪಾಯಿ ತಗಲಿತು, ಅಕ್ಟೋಬರ್‌ನಲ್ಲಿ ತಯಾರಾದದ್ದಕ್ಕೆ 488. ಡ್ರಾಯಿಂಗ್ ಒಂದೇ, ಉಕ್ಕು ಒಂದೇ, ಮಷೀನ್ ಒಂದೇ, ಹಿಡಿದ 24 ನಿಮಿಷವೂ ಒಂದೇ. ಅಕ್ಟೋಬರಿನ ಶಾಫ್ಟಿನಲ್ಲಿ 160 ರೂಪಾಯಿ ಹೆಚ್ಚು ಬೆಲೆಬಾಳುವ ಯಾವುದೂ ಇಲ್ಲ. ತಿಂಗಳ ನಿಜ ದರ ಆ ಕೆಲಸದ ವೆಚ್ಚವನ್ನು ಹೇಳುತ್ತಿಲ್ಲ, ಹಬ್ಬ ಯಾವ ತಿಂಗಳಲ್ಲಿ ಬಂತು, ರಿಪೇರಿ ಯಾವಾಗ ಆಯಿತು, ಬೇರೆ ಪಾರ್ಟಿಗಳ ಆರ್ಡರ್ ಎಷ್ಟಿತ್ತು ಎಂಬುದನ್ನು ಹೇಳುತ್ತಿದೆ. ಆಗಸ್ಟ್‌ನಲ್ಲಿ ಮಷೀನ್ ಸವೆದದ್ದರ ರಿಪೇರಿಯನ್ನೂ ಸೂಪರ್‌ವೈಸರ್ ವರ್ಷವಿಡೀ ದುಡಿದದ್ದರ ಬೋನಸ್ಸನ್ನೂ ಅಕ್ಟೋಬರಿನ ಕೆಲವೇ ಪೀಸುಗಳ ತಲೆಗೆ ಕಟ್ಟಿದ ಲೆಕ್ಕವನ್ನು ಪ್ರಾಮಾಣಿಕ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಂಕಿಗಳು ನಿಜವಿರಬಹುದು, ಹಂಚಿಕೆ ನಿಜವಲ್ಲ.

ಇದು ಬರೀ ಪುಸ್ತಕದಲ್ಲಿ ಉಳಿಯುವ ತೊಂದರೆಯೂ ಅಲ್ಲ. ಆಗಸ್ಟಿನ 328ನ್ನು ನಂಬಿ ಶೇ 15 ಲಾಭ ಇಟ್ಟು 377 ರೂಪಾಯಿಗೆ ವರ್ಷದ ಗುತ್ತಿಗೆ ಒಪ್ಪಿಕೊಂಡ ಮಾಲೀಕರಿಗೆ, 352ರ ನಿಜ ಸರಾಸರಿಯ ಮೇಲೆ ಉಳಿಯುವುದು ಪೀಸಿಗೆ 25 ರೂಪಾಯಿ, ಶೇ 7ರಷ್ಟು. ಅಂದುಕೊಂಡ ಲಾಭದ ಅರ್ಧ ಕೊಟೇಶನ್ನಿನಲ್ಲೇ ಹೋಯಿತು. ಅಕ್ಟೋಬರಿನ 488ನ್ನು ಹಿಡಿದವರು 561 ಎಂದು ಬರೆದು ಕಳಿಸುತ್ತಾರೆ, ಪಕ್ಕದ ಶೆಡ್ಡಿನವರು 410ಕ್ಕೆ ಕೆಲಸ ತೆಗೆದುಕೊಳ್ಳುತ್ತಾರೆ. ಆರ್ಡರ್ ಕೈತಪ್ಪಿದ್ದರಿಂದ ನವೆಂಬರ್‌ನಲ್ಲಿ ಓಡುವ ಗಂಟೆ ಕಡಿಮೆಯಾಗುತ್ತದೆ, ಗಂಟೆಯ ದರ ಮತ್ತೆ ಏರುತ್ತದೆ, ಮುಂದಿನ ಕೊಟೇಶನ್ ಇನ್ನೂ ದುಬಾರಿಯಾಗುತ್ತದೆ. ಕೆಲಸ ಕಡಿಮೆಯಾದಾಗ ಬೆಲೆ ಏರಿಸು ಎಂದು ಹೇಳುವ ಲೆಕ್ಕ ಇದು. ಶೆಡ್ ಖಾಲಿಯಾಗುವವರೆಗೂ ಅದು ಅದನ್ನೇ ಹೇಳುತ್ತಿರುತ್ತದೆ.

ಹಾಗಾದರೆ ತಿಂಗಳ ಬದಲು ಇಡೀ ವರ್ಷದ ನಿಜ ಖರ್ಚನ್ನು ಇಡೀ ವರ್ಷದ ಗಂಟೆಗಳಿಂದ ಭಾಗಿಸಿದರೆ? ಹಬ್ಬ, ರಿಪೇರಿಗಳ ಏರುಪೇರು ಅದರಲ್ಲಿ ಕರಗುತ್ತದೆ, ನಿಜ. ಆದರೆ ಆ ದರ ಸಿಗುವುದು ಮಾರ್ಚ್ ಮುಗಿದ ಮೇಲೆ. ಹುಬ್ಬಳ್ಳಿಗೆ ಹೊರಟ ಬಸ್ಸಿನ ಟಿಕೆಟ್ ದರವನ್ನು ಆ ದಿನ ಎಷ್ಟು ಜನ ಹತ್ತಿದರು, ಎಷ್ಟು ಡೀಸೆಲ್ ಸುಟ್ಟಿತು ಎಂದು ನೋಡಿ ಹುಬ್ಬಳ್ಳಿ ಮುಟ್ಟಿದ ಮೇಲೆ ಹೇಳುವುದಕ್ಕಾಗುತ್ತದೆಯೇ? ಪ್ರಯಾಣಿಕ ಹತ್ತುವಾಗಲೇ ದರ ಬೇಕು. ಶೆಡ್ಡಿನಲ್ಲೂ ಕೊಟೇಶನ್ ಕೆಲಸಕ್ಕೆ ಮೊದಲೇ ಹೋಗಬೇಕು, 8ನೇ ತಾರೀಖು ಮಾಲು ಹೊರಟರೆ ಇನ್‌ವಾಯ್ಸ್ ಅದರ ಜೊತೆಯಲ್ಲೇ ಹೋಗಬೇಕು. ಆ ತಿಂಗಳ ಕರೆಂಟ್ ಬಿಲ್ಲು ಬರುವುದು ಮುಂದಿನ ತಿಂಗಳು.

ಈ ಗೋಜಲನ್ನು ಎದುರಿಸಿದವರಲ್ಲಿ ನಾವು ಮೊದಲಿಗರಲ್ಲ. 1901ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಚರ್ಚ್ ಎಂಬ ಎಂಜಿನಿಯರ್ ‘ದಿ ಎಂಜಿನಿಯರಿಂಗ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಸರಣಿ ಲೇಖನ ಬರೆದು, ಎಲ್ಲ ಖರ್ಚನ್ನೂ ಕೂಲಿಯ ಮೇಲೆ ಹಾಕುವುದನ್ನು ಬಿಟ್ಟು ಒಂದೊಂದು ಮಷೀನಿಗೂ ಗಂಟೆಯ ಬಾಡಿಗೆ ಕಟ್ಟಿ ಎಂದರು. ಆದರೆ ಮಷೀನ್ ಖಾಲಿ ನಿಂತ ಹೊತ್ತಿನ ಖರ್ಚನ್ನು ಅವರು ಪೂರಕ ದರವೊಂದರ ಮೂಲಕ ಆ ತಿಂಗಳ ಕೆಲಸಗಳ ಮೇಲೆಯೇ ಹಾಕಿದರು. ಅಂದರೆ ನಮ್ಮ ಅಕ್ಟೋಬರಿನ ಸಮಸ್ಯೆ ಅಲ್ಲೂ ಉಳಿಯಿತು. 1915ರಲ್ಲಿ ಹೆನ್ರಿ ಗ್ಯಾಂಟ್ ಅದನ್ನು ಖಂಡಿಸಿದರು. ಕೆಲಸದ ವೇಳಾಪಟ್ಟಿಯ ಚಿತ್ರಕ್ಕೆ ಇಂದಿಗೂ ಇವರದೇ ಹೆಸರಿದೆ. ಖಾಲಿ ನಿಂತ ಮಷೀನಿನ ಖರ್ಚು ಓಡಿದ ಮಷೀನಿನ ಮಾಲಿನ ವೆಚ್ಚವಲ್ಲ, ಸಾಮಾನ್ಯ ಉತ್ಪಾದನೆಯಲ್ಲಿ ಒಂದು ಪೀಸಿಗೆ ಎಷ್ಟು ಪಾಲೋ ಅಷ್ಟನ್ನೇ ಅದಕ್ಕೆ ಹಾಕಿ ಉಳಿದದ್ದನ್ನು ಬೇರೆ ತೋರಿಸಿ ಎಂಬುದು ಅವರ ವಾದ. ನಮ್ಮ 20,000 ಗಂಟೆಯ ಹಿಂದಿರುವುದು ಇದೇ ವಿಚಾರ.

ಮೊದಲೇ ಕಟ್ಟಿದ ದರ ವರ್ಷವಿಡೀ ಹೇಗೆ ನಡೆಯುತ್ತದೆ ಎಂದು ನೋಡಿದರೆ ಅದರ ಗುಣ ಇನ್ನೂ ತಿಳಿಯುತ್ತದೆ. ಪುಸ್ತಕದಲ್ಲಿ ಓವರ್‌ಹೆಡ್‌ಗೆ ಒಂದು ಖಾತೆ. ಬಾಡಿಗೆ, ಸಂಬಳ, ಬಿಲ್ಲು ಬಂದಂತೆಲ್ಲ ಒಂದು ಕಡೆ ಬರೆಯುತ್ತಾರೆ. ಪ್ರತಿ ಜಾಬ್ ಕಾರ್ಡಿನ ಗಂಟೆಗಳನ್ನು 330ರಿಂದ ಗುಣಿಸಿ ಆ ಮೊತ್ತವನ್ನು ಇನ್ನೊಂದು ಕಡೆ ಬರೆಯುತ್ತಾರೆ. ಸಾಧಾರಣ ತಿಂಗಳಲ್ಲಿ 1,667 ಗಂಟೆ ಓಡಿದರೆ ಕೆಲಸಗಳಿಂದ ಬರುವುದು ಸುಮಾರು 5 ಲಕ್ಷ 50 ಸಾವಿರ, ಖರ್ಚಾಗುವುದು ಸುಮಾರು 5 ಲಕ್ಷ 27 ಸಾವಿರ. ಉಳಿಯುವ 23 ಸಾವಿರ ಲಾಭವಲ್ಲ. ಅದು ಅಕ್ಟೋಬರಿನ ಬೋನಸ್ಸಿಗೂ ರಿಪೇರಿಗೂ ಪ್ರತಿ ತಿಂಗಳ ಮಾಲು ಕೊಟ್ಟ ಪಾಲು. ಹನ್ನೆರಡು ತಿಂಗಳಿಗೆ ಅದು 2 ಲಕ್ಷ 80 ಸಾವಿರವಾಗುತ್ತದೆ, ಬೋನಸ್ ಮತ್ತು ದೊಡ್ಡ ರಿಪೇರಿಯ ಮೊತ್ತವೂ ಅಷ್ಟೇ. ಆದ್ದರಿಂದ ಅಕ್ಟೋಬರ್‌ನಲ್ಲಿ ಈ ಖಾತೆಯಲ್ಲಿ 3 ಲಕ್ಷ 91 ಸಾವಿರ ಕೊರತೆ ಕಂಡರೆ ಗಾಬರಿಪಡಬೇಕಾಗಿಲ್ಲ, ಆಗಸ್ಟ್‌ನಲ್ಲಿ 1 ಲಕ್ಷ 23 ಸಾವಿರ ಹೆಚ್ಚಾಗಿ ಕಂಡದ್ದಕ್ಕೆ ಹಿಗ್ಗಬೇಕಾಗಿಯೂ ಇಲ್ಲ. ನೋಡಬೇಕಾದದ್ದು ಏಪ್ರಿಲ್‌ನಿಂದ ಕೂಡುತ್ತ ಬಂದ ಬಾಕಿಯನ್ನು. ಹಬ್ಬವೂ ಇಲ್ಲ, ದೊಡ್ಡ ರಿಪೇರಿಯೂ ಇಲ್ಲ, ಆದರೂ ನಾಲ್ಕೈದು ತಿಂಗಳು ಸತತವಾಗಿ ಕೊರತೆಯೇ ಬೀಳುತ್ತಿದೆ ಎಂದರೆ ಮಾರ್ಚ್‌ನಲ್ಲಿ ಮಾಡಿದ ಅಂದಾಜು ತಪ್ಪಿದೆ. ಬಾಡಿಗೆ ದಿಢೀರನೆ ಏರಿದ್ದರೆ, ದೊಡ್ಡ ಪಾರ್ಟಿಯೊಂದು ಕೈಬಿಟ್ಟಿದ್ದರೆ, ದರವನ್ನು ವರ್ಷದ ನಡುವೆ ತಿದ್ದುವುದರಲ್ಲಿ ತಪ್ಪೇನೂ ಇಲ್ಲ. ಪ್ರತಿ ತಿಂಗಳೂ ತಿದ್ದಲು ಹೊರಟರೆ ಮಾತ್ರ ಮತ್ತೆ ಹಳೆಯ ಗುಂಡಿಗೇ ಬೀಳುತ್ತೇವೆ.

ಅಂದಾಜು ಅಂದಾಜೇ, ವರ್ಷದ ಕೊನೆಗೆ ಅದು ನಿಜದೊಂದಿಗೆ ಪೂರ್ತಿ ಹೊಂದುವುದು ಅಪರೂಪ. ನಮ್ಮ ಶೆಡ್ 20,000 ಗಂಟೆಯ ಬದಲು 18,600 ಗಂಟೆ ಓಡಿತು, ನಿಜವಾದ ಓವರ್‌ಹೆಡ್ 65 ಲಕ್ಷ 80 ಸಾವಿರವಾಯಿತು ಎಂದುಕೊಳ್ಳೋಣ. ಮಾಲುಗಳ ಮೇಲೆ ಹಾಕಿದ್ದು 18,600ನ್ನು 330ರಿಂದ ಗುಣಿಸಿದಷ್ಟು, ಅಂದರೆ 61 ಲಕ್ಷ 38 ಸಾವಿರ. 4 ಲಕ್ಷ 42 ಸಾವಿರ ಯಾವ ಮಾಲಿನ ಮೇಲೂ ಕೂರದೆ ಉಳಿಯಿತು.

ಬೇರೆ ಬರೆದಿಟ್ಟ 260 ಮತ್ತು 70 ಈಗ ಕೆಲಸಕ್ಕೆ ಬರುತ್ತವೆ. ಗಂಟೆಗಳು 1,400 ಕಡಿಮೆಯಾದವು. ಪ್ರತಿ ಗಂಟೆಯೂ ಹೊರಬೇಕಿದ್ದ 260 ರೂಪಾಯಿಯಂತೆ 3 ಲಕ್ಷ 64 ಸಾವಿರ ಖಾಲಿ ನಿಂತ ಮಷೀನುಗಳ ಲೆಕ್ಕಕ್ಕೆ ಹೋಗುತ್ತದೆ. 18,600 ಗಂಟೆ ಓಡಿಸಲು ಆಗಬೇಕಿದ್ದ ಖರ್ಚು 52 ಲಕ್ಷ ಮತ್ತು ಗಂಟೆಗೆ 70ರಂತೆ 13 ಲಕ್ಷ 2 ಸಾವಿರ ಸೇರಿ 65 ಲಕ್ಷ 2 ಸಾವಿರ. ಆದದ್ದು ಅದಕ್ಕಿಂತ 78 ಸಾವಿರ ಹೆಚ್ಚು. ಈ 78 ಸಾವಿರ ಕೈಬಿಗಿಯಿಲ್ಲದ್ದರಿಂದ ಹೋದ ಹಣವಿರಬಹುದು, ಬೆಲೆ ಏರಿದ್ದರಿಂದಲೂ ಆಗಿರಬಹುದು. ಮೊದಲನೆಯದಕ್ಕೆ ಆರ್ಡರ್ ತರುವವರನ್ನು ಕೇಳಬೇಕು, ಎರಡನೆಯದಕ್ಕೆ ಸ್ಟೋರ್ ಮತ್ತು ಶೆಡ್ ನೋಡಿಕೊಳ್ಳುವವರನ್ನು. ನಿಜ ದರವನ್ನೇ ಹಂಚಿದ್ದರೆ ಗಂಟೆಗೆ 354 ರೂಪಾಯಿ ಆಯಿತೆಂಬ ಒಂದೇ ಅಂಕಿ ಸಿಗುತ್ತಿತ್ತು, ಕೊರತೆಯೆಂಬುದೇ ಕಾಣುತ್ತಿರಲಿಲ್ಲ. ಮೊದಲೇ ಕಟ್ಟಿದ ದರದ ದೊಡ್ಡ ಪ್ರಯೋಜನ ನನ್ನ ದೃಷ್ಟಿಯಲ್ಲಿ ಇದು: ಅದು ತಪ್ಪಿದಾಗ ಎಷ್ಟು ತಪ್ಪಿತು, ಎಲ್ಲಿ ತಪ್ಪಿತು ಎರಡನ್ನೂ ತೋರಿಸುತ್ತದೆ.

ಉಳಿದ 4 ಲಕ್ಷ 42 ಸಾವಿರವನ್ನು ಏನು ಮಾಡಬೇಕು? ಖಾಲಿ ಸಾಮರ್ಥ್ಯದ ಪಾಲನ್ನು ಗೋದಾಮಿನಲ್ಲಿರುವ ಮಾಲಿನ ಬೆಲೆಗೆ ಸೇರಿಸುವಂತಿಲ್ಲ, ಆ ವರ್ಷದ ಖರ್ಚಾಗಿಯೇ ಬರೆಯಬೇಕೆಂದು ಲೆಕ್ಕಪತ್ರ ಮಾನದಂಡ ಹೇಳುತ್ತದೆ. ಉಳಿದದ್ದು ಸಣ್ಣ ಮೊತ್ತವಾಗಿದ್ದರೆ ಅದನ್ನೂ ಮಾರಾಟವಾದ ಮಾಲಿನ ವೆಚ್ಚಕ್ಕೆ ಸೇರಿಸಿ ಮುಗಿಸುತ್ತಾರೆ. ದರವೇ ತಪ್ಪಾಗಿ ದೊಡ್ಡ ಮೊತ್ತ ಉಳಿದಿದ್ದರೆ ಅರ್ಧ ಆದ ಕೆಲಸ, ಸಿದ್ಧವಾದ ಮಾಲು, ಮಾರಿದ ಮಾಲು ಈ ಮೂರಕ್ಕೂ ಹಂಚಬೇಕಾಗುತ್ತದೆ. ಅನಿರೀಕ್ಷಿತವಾಗಿ ಬಹಳ ಹೆಚ್ಚು ಉತ್ಪಾದನೆಯಾದ ವರ್ಷಕ್ಕೂ ನಿಯಮವಿದೆ: ದಾಸ್ತಾನಿನ ಬೆಲೆ ನಿಜ ವೆಚ್ಚವನ್ನು ಮೀರದಂತೆ ಪೀಸಿನ ಮೇಲಿನ ಸ್ಥಿರ ಪಾಲನ್ನು ಇಳಿಸಬೇಕು.

ಈ ದರಕ್ಕೆ ಮಿತಿಗಳೂ ಇವೆ. ಅದನ್ನು ಕೆಡಿಸುವ ಸುಲಭದ ದಾರಿ ಗಂಟೆಗಳನ್ನು ಆಸೆಯಿಂದ ಬರೆಯುವುದು. ಪೂರ್ತಿ 28,800 ಗಂಟೆ ಓಡಿಸುತ್ತೇವೆ ಎಂದು ಹಿಡಿದರೆ ದರ 251ಕ್ಕೆ ಇಳಿಯುತ್ತದೆ, ಕೊಟೇಶನ್ ಅಗ್ಗವಾಗುತ್ತದೆ, ಆರ್ಡರೂ ಬರುತ್ತದೆ, ವರ್ಷದ ಕೊನೆಗೆ ಬಾಡಿಗೆ ಕಟ್ಟಲು ಹಣವಿರುವುದಿಲ್ಲ. ಮಂದಿ ಕೆಲಸ ಕೊಡುವುದಿಲ್ಲವೆಂದು ಹೆದರಿ 13,000 ಎಂದು ಹಿಡಿದರೆ ದರ 470 ಆಗುತ್ತದೆ, ಆಗ ಅಕ್ಟೋಬರಿನ ಕಥೆ ವರ್ಷಪೂರ್ತಿ ನಡೆಯುತ್ತದೆ. ಇನ್ನೊಂದು ಮಿತಿ, ಇಡೀ ಶೆಡ್ಡಿಗೆ ಒಂದೇ ದರ ಇಡುವುದು. ಕೈಯಲ್ಲಿ ಅಂಚು ತಿಕ್ಕುವ ಮೇಜಿನ ಕೆಲಸಕ್ಕೆ 30 ಲಕ್ಷದ ಮಷೀನಿನ ಸವಕಳಿ ಹೊರಿಸುವುದು ಸರಿಯಲ್ಲ. ಅಂಥ ವಿಭಾಗಕ್ಕೆ ಬೇರೆ ದರ ಬೇಕು, ಅಲ್ಲಿ ಕೂಲಿ ಗಂಟೆಯೇ ಅಳತೆಯಾಗಬಹುದು.

330 ರೂಪಾಯಿ ಎಂಬುದು ಕೊಟೇಶನ್ನಿನಲ್ಲಿ ಇಳಿಯಲೇಬಾರದ ಗೆರೆಯೂ ಅಲ್ಲ. ಅಕ್ಟೋಬರ್‌ನಲ್ಲಿ ಮಷೀನ್ ಖಾಲಿ ನಿಂತಿರುವಾಗ ಯಾರೋ 300 ರೂಪಾಯಿಗೆ ಶಾಫ್ಟ್ ಕೇಳಿದರೆ, ಉಕ್ಕು 180, ಕೂಲಿ 40, ಓಡಿದ್ದಕ್ಕೆ 28 ಕಳೆದು 52 ರೂಪಾಯಿ ಬಾಡಿಗೆಯ ಕಡೆಗೆ ಬರುತ್ತದೆ. ಬೇಡವೆಂದರೆ ಅದೂ ಇಲ್ಲ. ಆ ಒಂದು ಸಲಕ್ಕೆ ಒಪ್ಪುವುದು ಸರಿ. ಖಾಯಂ ಪಾರ್ಟಿಗೆ ವರ್ಷವಿಡೀ ಆ ದರ ಕೊಟ್ಟರೆ 352ರ ಮಾಲನ್ನು 300ಕ್ಕೆ ಮಾರಿದಂತೆ.

ಜಾಬ್ ವರ್ಕ್ ಶೆಡ್ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಪಕ್ಕದವರು ಗಂಟೆಗೆ ಎಷ್ಟು ಹಾಕುತ್ತಾರೋ ಅಷ್ಟೇ ನಾವೂ ಹಾಕುತ್ತೇವೆ ಎನ್ನುವ ಅಭ್ಯಾಸ ಬಿಡಿ. ಅವರ ಶೆಡ್ ಸ್ವಂತದ್ದಿರಬಹುದು, ಮಷೀನುಗಳ ಸಾಲ ತೀರಿರಬಹುದು, ಗಂಟೆಗಳು ನಿಮ್ಮದಕ್ಕಿಂತ ಹೆಚ್ಚಿರಬಹುದು. ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಕಳೆದ ಕೆಲವು ವರ್ಷಗಳ ಮಷೀನ್ ಗಂಟೆಗಳನ್ನೂ ಖರ್ಚಿನ ಪಟ್ಟಿಯನ್ನೂ ಮುಂದಿಟ್ಟುಕೊಳ್ಳಿ, ಏಪ್ರಿಲ್ 1ರ ಮೊದಲ ಕೊಟೇಶನ್ ನಿಮ್ಮದೇ ದರದಲ್ಲಿ ಹೋಗಲಿ.